ತಂಗಿಗೆ ಇಡದ ಲೋಟ

ಲೋಟದಕ್ಕನ ನಿಜವಾದ ಹೆಸರು ಅವಳ ಪಾರ್ಲರಿನ ಬೋರ್ಡಿನ ಮೇಲೆ ದಪ್ಪ ಅಕ್ಷರದಲ್ಲಿ ಬರೆದಿದೆ. ಓದೋ ಪುರುಸೊತ್ತು ಮಾತ್ರ ಯಾರಿಗೂ ಇಲ್ಲ. ಬೀದಿಗೆ ಬೀದಿಯೇ ಅವಳನ್ನು ಲೋಟದಕ್ಕ ಅನ್ನುತ್ತೆ. ಕರೆಂಟ್ ಬಿಲ್ ಕೊಡೋಕೆ ಬರುವವನೂ ಹಾಗೇ ಕರೆದು, ಒಂದು ಸಲ ಬೈಸಿಕೊಂಡು, ಮಾರನೇ ತಿಂಗಳೂ ಹಾಗೇ ಕರೆದ.

ಹೆಸರು ಬಂದದ್ದು ಒಂದು ಗಾಜಿನ ಲೋಟದಿಂದ. ಪಾರ್ಲರಿನ ಕನ್ನಡಿ ಮುಂದೆ, ಬಾಚಣಿಗೆ ಡಬ್ಬದ ಪಕ್ಕ, ಅದು ಯಾವಾಗಲೂ ಇರುತ್ತೆ. ಕೂದಲಿಗೆ ಬಣ್ಣ ಹಾಕಿಸಿಕೊಳ್ಳೋಕೆ ಯಾರೇ ಬರಲಿ, ಮೊದಲು ಎಣ್ಣೆ, ಕಂಡೀಷನರ್ ಏನೂ ಉಳಿಯದ ಹಾಗೆ ಶಾಂಪೂ ಹಾಕಿ ತೊಳೆದು ಒಣಗಿಸಬೇಕು. ಆಮೇಲೆ ಬಾಚಣಿಗೆಗೆ ಸಿಕ್ಕ ನಾಲ್ಕಾರು ಎಳೆ ತೆಗೆದು, ಲೋಟದ ತಣ್ಣೀರಿನ ಮೇಲೆ ಮೆಲ್ಲಗೆ ಬಿಡಬೇಕು. ಬಿಟ್ಟು, ಸುಮ್ಮನೆ ಕಾಯಬೇಕು. ಆ ಕಾಯೋ ಹೊತ್ತಲ್ಲಿ ಗಿರಾಕಿ ಮೊಬೈಲ್ ನೋಡಿದರೂ ಲೋಟದಕ್ಕನಿಗೆ ಸಿಟ್ಟು.

"ಅಲ್ರೀ, ನಿಮ್ಮದೇ ಕೂದಲು ನೀರಲ್ಲಿ ಮಾತಾಡ್ತಾ ಇದೆ, ನೀವು ಅದ್ಯಾರದೋ ವಿಡಿಯೋ ನೋಡ್ತಾ ಕೂತಿದ್ದೀರಲ್ಲ!"

"ಏನಂತೆ ಅಕ್ಕಾ ಅದರ ಮಾತು?" ಅಂತ ಕೇಳಿದರೆ ಮುಗೀತು, ಪಾಠ ಶುರು.

"ನೋಡಿ, ಕೂದಲಿನ ಮೇಲೆ ಹೆಂಚು ಹೊದಿಸಿದ ಹಾಗೆ ಪದರ ಇರುತ್ತೆ. ಹೆಂಚು ಬಿಗಿಯಾಗಿ ಕೂತಿದ್ರೆ ನೀರು ಒಳಗೆ ಇಳಿಯಲ್ಲ, ಎಳೆ ತೇಲ್ತಾನೇ ಇರುತ್ತೆ. ಅಂಥ ಕೂದಲಿಗೆ ಬಣ್ಣ ಹತ್ತಬೇಕಾದ್ರೆ ಹೆಣಗಬೇಕು. ಸ್ವಲ್ಪ ಬಿಸಿ ಬೇಕು, ಹೊತ್ತು ಬೇಕು. ಆದ್ರೆ ಹತ್ತಿದ್ದು ಬೇಗ ಬಿಡಲ್ಲ. ಬಣ್ಣ ತೆಗೆಯೋ ಬ್ಲೀಚು, ಕೂದಲು ನೇರ ಮಾಡೋ ಇಸ್ತ್ರಿ, ಬಿಸಿಲು ಅಂತ ಹೆಂಚೆಲ್ಲ ಎದ್ದು ಹೋಗಿದ್ರೆ ಎಳೆ ನೀರು ಕುಡಿದು ಬೇಗ ಮುಳುಗುತ್ತೆ. ಬಣ್ಣಾನೂ ಹಾಗೇ ಗಟಗಟ ಕುಡಿಯುತ್ತೆ. ನೀವು ಕಂದು ಕೇಳಿದ್ರೆ ಅದು ಕಪ್ಪು ಮಾಡಿಕೊಂಡು ಕೂರುತ್ತೆ. ಬಂದಷ್ಟೇ ಬೇಗ ಹೊರಟೂ ಹೋಗುತ್ತೆ, ನಾಲ್ಕು ಸ್ನಾನಕ್ಕೆ ನೀರುಪಾಲು."

ಅವಳೇನೂ ಲೋಟವನ್ನು ಕಣ್ಣುಮುಚ್ಚಿ ನಂಬುವವಳಲ್ಲ. ಎಣ್ಣೆ ಜಿಡ್ಡಿದ್ದರೆ ಎಂಥ ಹಾಳಾದ ಕೂದಲೂ ತೇಲುತ್ತೆ, ಲೋಟ ಸುಳ್ಳು ಹೇಳುತ್ತೆ. ಅದಕ್ಕೇ ಒಂದು ಎಳೆಯನ್ನು ಎರಡು ಬೆರಳಲ್ಲಿ ಹಿಡಿದು ತುದಿಯಿಂದ ಬುಡದ ಕಡೆಗೆ ಸವರಿ ನೋಡುವಳು. ತರಿತರಿ ಅಂದರೆ ಹೆಂಚು ಎದ್ದಿದೆ ಅಂತ ಲೆಕ್ಕ. ಕೊನೆಗೆ ಕಿವಿ ಹಿಂದಿನ ಒಂದು ಸಣ್ಣ ಕುಚ್ಚಿಗೆ ಮಾತ್ರ ಬಣ್ಣ ಹಚ್ಚಿ, ಅದು ಹೇಗೆ ಬರುತ್ತೆ ನೋಡಿ, ಆಮೇಲೆ ತಲೆಗೆ ಕೈ ಹಾಕುವಳು. "ಲೋಟ ಮೊದಲ ಮಾತು ಹೇಳುತ್ತೆ, ಕಡೇ ಮಾತಲ್ಲ. ಆದ್ರೆ ಮೊದಲ ಮಾತು ಕೇಳದವರಿಗೆ ಕಡೇ ಮಾತು ಕೇಳೋ ಯೋಗ್ಯತೆ ಇಲ್ಲ" ಅನ್ನುವಳು. ಪಕ್ಕದ ಅಂಗಡಿಯ ಟೈಲರ್ ಇದನ್ನು ಕೇಳಿ ಕೇಳಿ, ತನ್ನ ಹೆಂಡತಿ ಸಿಟ್ಟು ಮಾಡಿಕೊಂಡಾಗಲೆಲ್ಲ "ಲೋಟದಲ್ಲಿ ಹಾಕಿ ನೋಡಲಾ ನಿನ್ನ?" ಅಂತ ರೇಗಿಸುತ್ತಿದ್ದನಂತೆ.

ಇಂಥ ಲೋಟದಕ್ಕ ಒಂದೇ ಒಂದು ತಲೆಗೆ ಲೋಟ ಇಡಲಿಲ್ಲ. ಅದು ಅವಳ ತಂಗಿಯ ತಲೆ.

ತಂಗಿ ಅಂದರೆ ಬರೀ ತಂಗಿಯಲ್ಲ. ಅಮ್ಮ ತೀರಿಕೊಂಡಾಗ ಅವಳಿಗಿನ್ನೂ ಸರಿಯಾಗಿ ಜಡೆ ಹಾಕಿಕೊಳ್ಳೋಕೆ ಬರುತ್ತಿರಲಿಲ್ಲ. ಅಕ್ಕನೇ ತಲೆಗೆ ನೀರು ಹಾಕಿ, ಸಿಕ್ಕು ಬಿಡಿಸಿ, ಹೇನು ಹೆಕ್ಕಿ, ಎರಡು ಜಡೆ ಹೆಣೆದು ಸ್ಕೂಲಿಗೆ ಕಳಿಸಿದವಳು. ಮಂಡಿ ನಡುವೆ ಕೂರಿಸಿಕೊಂಡು ಬಾಚುವಾಗ ಅಲ್ಲಾಡಿದರೆ ಬಾಚಣಿಗೆಯಿಂದಲೇ ಒಂದು ಏಟು. ಆ ಕೂದಲಿನ ಹಟ ಹೇಳತೀರದು. ತೊಳೆದರೆ ನೀರು ಮಣಿಮಣಿಯಾಗಿ ಜಾರಿ ಹೋಗೋದು, ಒಂದು ಸಲ ನೆನೆದರೆ ಸಂಜೆಯಾದರೂ ಒಣಗುತ್ತಿರಲಿಲ್ಲ. ಬಿಳಿ ಇಣುಕೋಕೆ ಶುರುವಾದ ಮೇಲೆ ಬಣ್ಣ ಹಾಕಿದವಳೂ ಅಕ್ಕನೇ. ಕ್ಯಾಪ್ ಹಾಕಿ, ಡ್ರೈಯರಿನ ಬಿಸಿ ಕೊಟ್ಟು, ಎಲ್ಲರಿಗಿಂತ ಹೆಚ್ಚು ಹೊತ್ತು ಕೂರಿಸಿದರೇನೇ ಆ ಬಿಳಿ ಎಳೆಗಳು ಬಗ್ಗುತ್ತಿದ್ದದ್ದು. "ಒಡತಿ ಹಾಗೇ ಕೂದಲೂ, ಮೊಂಡು" ಅಂತ ಅಕ್ಕ ಅಂದರೆ, "ಯಾರು ಬೆಳೆಸಿದ್ದು?" ಅಂತ ತಂಗಿ ನಗುತ್ತಿದ್ದಳು.

ಈಗ ಸಣ್ಣಿಯ ವಿಷಯ ಹೇಳಬೇಕು. ಸಣ್ಣಗೆ ಕಡ್ಡಿಯ ಹಾಗಿದ್ದ ಹುಡುಗಿ, ಲೋಟದಕ್ಕನ ಕೈಯಲ್ಲೇ ಕತ್ತರಿ ಹಿಡಿಯೋದು ಕಲಿತವಳು. ಕಲಿತು, ರೆಕ್ಕೆ ಬಲಿತ ಮೇಲೆ, ಹಿಂದಿನ ಬೀದಿಯಲ್ಲಿ ತನ್ನದೇ ಸಲೂನ್ ತೆರೆದಳು. ಬೆಳ್ಳನೆ ದೀಪ, ತಿರುಗೋ ಕುರ್ಚಿ, ಗೋಡೆ ತುಂಬಾ ಕನ್ನಡಿ. ಅದರಲ್ಲಿ ತಪ್ಪೇನಿದೆ? ಏನೂ ಇಲ್ಲ. ಆದರೆ ಲೋಟದಕ್ಕನಿಗೆ ಮೊದಲೇ ಮೂಗಿನ ತುದಿಯಲ್ಲಿ ಸಿಟ್ಟು. "ಉಂಡ ಮನೆಗೆ ಎರಡು ಬಗೆದಳು" ಅಂತ ಊರೆಲ್ಲ ಸಾರಿದಳು. ಸಣ್ಣಿ ಉದ್ಘಾಟನೆಗೆ ಕರೆಯೋಕೆ ಬಂದರೆ ನೀರೂ ಕೊಡದೆ ಕಳಿಸಿದಳು. ಸಲೂನ್ ಶುರುವಾಗಿ ಕೆಲವು ದಿನಕ್ಕೆ ತಂಗಿಯ ಮುಂದೆಯೇ ಅಂದಳು: "ಆ ಅಂಗಡಿ ಮೆಟ್ಟಿಲು ಹತ್ತಿದವರು ನನ್ನ ಹೊಸಿಲು ತುಳಿಯೋದು ಬೇಡ. ಅದು ಯಾರೇ ಆಗಿರ್ಲಿ."

ತಂಗಿ ಆಗ ತಲೆ ತಗ್ಗಿಸಿ ಸೊಪ್ಪು ಬಿಡಿಸುತ್ತಿದ್ದಳು. ಅಷ್ಟು ಹೊತ್ತಿಗಾಗಲೇ ಅವಳು ಆ ಮೆಟ್ಟಿಲು ಹತ್ತಿ ಇಳಿದಿದ್ದಳು ಅನ್ನೋದು ಲೋಟದಕ್ಕನಿಗೆ ಹೇಗೆ ಗೊತ್ತಾಗಬೇಕು?

ಅದಾಗಿ ಒಂದು ವರ್ಷವೇ ತಂಗಿ ಬಣ್ಣಕ್ಕೆ ಬರಲಿಲ್ಲ. ಕೇಳಿದರೆ "ಬಿಳಿ ಆದ್ರೆ ಆಗ್ಲಿ ಬಿಡಕ್ಕಾ, ವಯಸ್ಸಾಯ್ತಲ್ಲ" ಅನ್ನುವಳು. ತಲೆಗೆ ಯಾವಾಗಲೂ ಸ್ಕಾರ್ಫು, ಕೇಳಿದರೆ ಧೂಳು ಅನ್ನುವಳು. ಆಮೇಲೆ ಅವಳ ಮಗಳ ಮದುವೆ ಗೊತ್ತಾಯಿತು. ಮದುವೆಗೆ ಒಂದು ವಾರ ಇದೆ ಅನ್ನುವಾಗ ಒಂದು ಮಧ್ಯಾಹ್ನ ತಂಗಿ ಬಂದು ಪಾರ್ಲರಿನ ಬಾಗಿಲಲ್ಲಿ ನಿಂತಳು.

"ಅಕ್ಕಾ, ಹುಡುಗಿ ಅಮ್ಮ ಅಂತ ಎಲ್ಲರೂ ನನ್ನನ್ನೇ ನೋಡ್ತಾರೆ. ಚೆನ್ನಾಗಿ ಕಾಣೋ ಹಾಗೆ ಬಣ್ಣ ಹಾಕ್ತೀಯಾ?"

ಅಕ್ಕನಿಗೆ ಆದ ಖುಷಿ ಅಷ್ಟಿಷ್ಟಲ್ಲ. "ಬಾರೇ ಮಹಾರಾಯ್ತಿ, ಈಗ ನೆನಪಾಯ್ತಾ ಅಕ್ಕನ ಕೈ?" ಅಂತ ಕುರ್ಚಿ ಒರೆಸಿ ಕೂರಿಸಿದಳು. ಸ್ಕಾರ್ಫ್ ಬಿಚ್ಚಿದಳು. ಕೂದಲು ಮಂಕು ಕಂದು ಬಣ್ಣಕ್ಕೆ ತಿರುಗಿತ್ತು. ಬುಡದಲ್ಲಿ ಗೇಣುದ್ದ ಕರಿ, ಅದರ ಜೊತೆ ಬಿಳಿ.

"ಅಯ್ಯೋ, ಏನೇ ಇದು ಹೀಗೆ ಬಾಡಿಸ್ಕೊಂಡಿದ್ದೀಯಾ? ಬಿಸಿಲಲ್ಲಿ ಅಲೀತೀಯಾ, ಆ ಬೋರ್‌ವೆಲ್ ನೀರು ಬೇರೆ."

"ಹೂಂ, ನೀರೇ ಇರ್ಬೇಕು" ಅಂದಳು ತಂಗಿ.

ಲೋಟದಕ್ಕ ಶಾಂಪೂ ಹಾಕಿ ತೊಳೆದಳು. ಒದ್ದೆ ಕೂದಲು ಕೈಯಲ್ಲಿ ಯಾಕೋ ಮೆತ್ತಗೆ, ಎಳೆದರೆ ಹಿಗ್ಗುವ ಹಾಗೆ ಅನ್ನಿಸಿತು. ಅನ್ನಿಸಿತು, ಅಷ್ಟೇ. ಮದುವೆ ಮಾತಲ್ಲಿ ಮುಳುಗಿದ್ದಳು. ಎಷ್ಟು ಜನ, ಯಾರು ಯಾರು, ವರನ ಅಮ್ಮ ಹೇಗೆ, ಮಾತು ಜಾಸ್ತಿನಾ ಕಮ್ಮಿನಾ. ಒಣಗಿಸಿ ಬಣ್ಣ ಕಲೆಸೋಕೆ ಬಟ್ಟಲು ತೆಗೆದಾಗ ತಂಗಿ ಕನ್ನಡಿಯಲ್ಲೇ ಅಕ್ಕನ ಮುಖ ನೋಡಿ, ಸಣ್ಣ ದನಿಯಲ್ಲಿ ಕೇಳಿದಳು.

"ಅಕ್ಕಾ, ನಂಗೆ ಲೋಟ ಇಡಲ್ವಾ?"

ಲೋಟದಕ್ಕ ಹೋ ಎಂದು ನಕ್ಕುಬಿಟ್ಟಳು. "ನಿಂಗ್ಯಾಕೇ ಲೋಟ? ಈ ಕೂದಲು ನಂಗೆ ಗೊತ್ತಿಲ್ವಾ? ನಾನೇ ಹೇನು ಹೆಕ್ಕಿದ ತಲೆ ಇದು. ಲೋಟ ಏನು, ಕೊಡಪಾನಕ್ಕೆ ಹಾಕಿದ್ರೂ ತೇಲುತ್ತೆ."

"ಇಟ್ಟು ನೋಡೇ, ಎಲ್ಲರಿಗೂ ಇಡ್ತೀಯಲ್ಲ" ಅಂದಳು ತಂಗಿ ಇನ್ನೊಂದು ಸಲ. ನಗುತ್ತಲೇ ಅಂದಳು. ಆದರೆ ಮಡಿಲಲ್ಲಿದ್ದ ಸ್ಕಾರ್ಫನ್ನು ಎರಡೂ ಕೈಯಲ್ಲಿ ಹಿಂಡುತ್ತಿದ್ದಳು.

"ಎಲ್ಲರೂ ಬೇರೆ, ನೀನು ಬೇರೆ. ಸುಮ್ಮನೆ ಕೂತ್ಕೋ."

ಸುಮ್ಮನೆ ಕೂತಳು ಪಾಪ.

ದೀಪದ ಬುಡದಲ್ಲಿ ಕತ್ತಲೆ ಅಂತಾರಲ್ಲ, ಅದು ಇದೇ. ಊರವರ ತಲೆಗೆಲ್ಲ ಅಳೆದು ಸುರಿದು ಬಣ್ಣ ಹಾಕುವವಳು, ಸ್ವಂತ ತಂಗಿಯ ತಲೆಗೆ ಬೆರಳಿಂದ ಸವರಿಯೂ ನೋಡಲಿಲ್ಲ. ಕುಚ್ಚಿಗೆ ಹಚ್ಚಿಯೂ ನೋಡಲಿಲ್ಲ. ಆ ಕೂದಲು ಬಣ್ಣ ಹಾಕಿದರೆ ಕೆಂಪು ಕೆಂಪಾಗಿ ತಿರುಗೋ ಜಾತಿ ಅನ್ನೋ ಹಳೇ ನೆನಪಲ್ಲಿ, ಕೆಂಪು ಹೊಡೆಯದ ಬೂದುಛಾಯೆಯ ಕಂದು ಕಲೆಸಿದಳು. ಮೊಂಡು ಕೂದಲಲ್ಲವಾ ಅಂತ ಬುಡದಿಂದ ತುದಿಯವರೆಗೂ ಧಾರಾಳವಾಗಿ ಬಳಿದಳು. ಕ್ಯಾಪ್ ಹಾಕಿದಳು, ಬಿಸಿ ಕೊಟ್ಟಳು, ಎಂದಿನ ಹಾಗೆ ಎಲ್ಲರಿಗಿಂತ ಹೆಚ್ಚು ಹೊತ್ತು ಬಿಟ್ಟಳು. ನಡುವೆ ಒಂದು ಎಳೆ ಒರೆಸಿ ನೋಡೋ ಅಭ್ಯಾಸವಿತ್ತು. ಅಷ್ಟು ಹೊತ್ತಿಗೆ ಟೈಲರ್ ಮದುವೆಯ ಬ್ಲೌಸು ಹಿಡಿದು ಬಂದ, ಅದೂ ತಪ್ಪಿತು.

ತೊಳೆದಳು. ಬುಡ ನೋಡಿದರೆ ಒಳ್ಳೆ ಕಂದು, ಬಿಳಿ ಎಲ್ಲ ಮುಚ್ಚಿದೆ. ಕೆಳಗಿನ ಕೂದಲು ಎತ್ತಿ ನೋಡಿದಳು. ಕಿವಿಯಿಂದ ಕೆಳಗೆ ಕಪ್ಪು, ಅದೂ ಹೊಳಪಿಲ್ಲದ ಸತ್ತ ಕಪ್ಪು. ಕಿಟಕಿಯ ಬೆಳಕಿಗೆ ಹಿಡಿದರೆ ಪಾಚಿಯ ಹಾಗೆ ಹಸಿರು ಹೊಡೆಯುತ್ತಿತ್ತು. ಇಷ್ಟು ವರ್ಷದ ಕಸುಬು, ಒಂದೇ ನೋಟಕ್ಕೆ ಗೊತ್ತಾಯಿತು. ಈ ಕೂದಲಿಗೆ ಬ್ಲೀಚು ಬಿದ್ದಿದೆ. ಒಳಗಿನ ಕೆಂಪನ್ನೆಲ್ಲ ಬ್ಲೀಚು ತೆಗೆದಿದೆ. ಬರಿದಾದ ಕೂದಲು ಬೂದುಬಣ್ಣವನ್ನು ಸಿಕ್ಕಷ್ಟೂ ಕುಡಿದಿದೆ. ಮೊದಲು ಕೆಂಪು ತುಂಬಿ ಆಮೇಲೆ ಕಂದು ಹಾಕಬೇಕಿತ್ತು, ಅದೂ ಬಿಸಿಯಿಲ್ಲದೆ, ಕಣ್ಣಿಟ್ಟು ಕಾಯ್ದುಕೊಂಡು.

"ಬ್ಲೀಚ್ ಹಾಕಿಸಿದ್ದೀಯಾ?"

ತಂಗಿ ಮಡಿಲಿನ ಸ್ಕಾರ್ಫಿಗೆ ಕೈ ಹಾಕಿದಳು.

"ಎಲ್ಲಿ? ಯಾರ ಹತ್ರ?" ಕೇಳುವಾಗಲೇ ಉತ್ತರ ಗೊತ್ತಿತ್ತು. "ಆ ಸಣ್ಣಿ ಹತ್ರ ಹೋಗಿದ್ಯಾ? ಹೋಗಿ, ಒಂದು ವರ್ಷ ನನ್ನ ಮುಂದೆ ಸ್ಕಾರ್ಫ್ ಕಟ್ಕೊಂಡು ಓಡಾಡಿದ್ಯಾ?"

"ಅಕ್ಕಾ, ತಲೆ ತುಂಬಾ ಬ್ಲೀಚ್ ಮಾಡಿಸಿ ಜೇನಿನ ಬಣ್ಣದ ಗೆರೆ ಹಾಕಿಸಿದ್ರೆ ಚೆನ್ನಾಗಿರುತ್ತೆ ಅಂತ ಆಸೆ ಆಗಿತ್ತು ಕಣೇ. ನೀನು ಬೈತೀಯಾ ಅಂತ ಆಮೇಲೆ ಮನೇಲೇ ಕಂದು ಹಚ್ಕೊಂಡೆ. ಹಚ್ಚಿದಷ್ಟೂ ಹೋಗ್ತಾ ಇತ್ತು..."

"ಕಳ್ಳಿ!" ಅಂದುಬಿಟ್ಟಳು ಲೋಟದಕ್ಕ. ಟೈಲರ್ ಬಾಗಿಲಲ್ಲೇ ನಿಂತಿದ್ದ, ಬೆಂಚಿನ ಮೇಲೆ ಇಬ್ಬರು ಗಿರಾಕಿಗಳು ಕೂತಿದ್ದರು. "ಅಮ್ಮನ ಜಾಗದಲ್ಲಿ ನಿಂತು ಸಾಕಿದ್ದಕ್ಕೆ ಇದಾ? ಹೋಗು, ಅಲ್ಲೇ ಹೋಗು. ಅವಳೇ ನಿನ್ನ ಮಗಳ ಮದುವೇನೂ ಮಾಡಿಸ್ಲಿ!"

ಮಾತು ಆಡಿದರೆ ಹೋಯ್ತು, ಮುತ್ತು ಒಡೆದರೆ ಹೋಯ್ತು. ತಂಗಿ ಎದ್ದಳು. ನೀರು ತೊಟ್ಟಿಕ್ಕುತ್ತಿದ್ದ ತಲೆಗೆ ಹಾಗೇ ಸ್ಕಾರ್ಫ್ ಸುತ್ತಿಕೊಂಡಳು, ಚಪ್ಪಲಿ ಮೆಟ್ಟಿಕೊಂಡಳು, ಹೋದಳು. ಟೈಲರ್ ಬ್ಲೌಸು ಕೈಯಲ್ಲಿ ಹಿಡಿದುಕೊಂಡು ಇಂಗು ತಿಂದ ಮಂಗನ ಹಾಗೆ ನಿಂತಿದ್ದ.

ಮದುವೆಗೆ ಲೋಟದಕ್ಕ ಹೋದಳು. ಹೋಗದೆ ಇರೋಕಾಗುತ್ತಾ, ಸಾಕಿದ ತಂಗಿಯ ಮಗಳು. ತಂಗಿ "ಬಾ ಅಕ್ಕಾ" ಅಂದಳು, ಊಟ ಆಯ್ತಾ ಅಂತ ವಿಚಾರಿಸಿದಳು. ಬಂದ ನೆಂಟರಿಗೆ ವಿಚಾರಿಸಿದ ಹಾಗೇ ವಿಚಾರಿಸಿದಳು. ತಲೆ ಮೇಲೆ ಶಾಲು ಹೊದ್ದಿದ್ದಳು. ಸೆಖೆಗೆ ಎಲ್ಲರೂ ಬೀಸಣಿಗೆ ಬೀಸಿಕೊಳ್ಳುತ್ತಿದ್ದರೆ ಇವಳೊಬ್ಬಳ ತಲೆ ಮೇಲೆ ಶಾಲು. ಮಗಳನ್ನು ತಬ್ಬಿ ಬೀಳ್ಕೊಡುವಾಗ ಅದು ಜಾರಿತು. ಆ ಹಸಿರು ಹೋಗಲಿ ಅಂತ ಅವಳು ದಿನಾ ತಿಕ್ಕಿ ತಿಕ್ಕಿ ತೊಳೆದಿರಬೇಕು. ಬಂದಷ್ಟೇ ಬೇಗ ಬಣ್ಣ ಬಿಟ್ಟಿತ್ತು. ಬುಡ ಅಂದವಾದ ಕಂದು, ಕೆಳಗೆಲ್ಲ ಒಣಹುಲ್ಲು, ಅಲ್ಲಲ್ಲಿ ಹಸಿರು ತೇಪೆ. ವರನ ಕಡೆಯ ಹೆಂಗಸೊಬ್ಬಳು ಪಕ್ಕದವಳ ಕಿವಿಯಲ್ಲಿ ಏನೋ ಅಂದು ನಕ್ಕಳು. ತಂಗಿ ನೋಡಿದಳು, ಶಾಲು ಮೇಲೆಳೆದುಕೊಂಡಳು. ಕ್ಯಾಮೆರಾದವನು "ಅಮ್ಮಾ, ಶಾಲು ತೆಗೀರಿ, ಮುಖ ಚೆನ್ನಾಗಿ ಬರುತ್ತೆ" ಅಂದಾಗ "ಬೇಡಪ್ಪ, ಹೀಗೇ ಇರ್ಲಿ" ಅಂದಳು. ಎಲ್ಲ ಫೋಟೋದಲ್ಲೂ ಹಾಗೇ ಇದ್ದಾಳೆ. ಒಬ್ಬಳೇ ಮಗಳು, ಮದುವೆ ಇನ್ನೊಂದು ಸಲ ಆಗುತ್ತಾ?

ಲೋಟದಕ್ಕ ಆ ಮದುವೆಯಲ್ಲಿ ಏನುಂಡಳೋ ಅವಳಿಗೇ ಗೊತ್ತಿಲ್ಲ. ಮನೆಗೆ ಬಂದು, ಬಾಗಿಲು ಹಾಕಿಕೊಂಡು, ಬಿಕ್ಕಿ ಬಿಕ್ಕಿ ಅತ್ತಳು. ಸಿಟ್ಟು ಆಗಲೇ ಇಳಿದಿತ್ತು. ಉಳಿದದ್ದು ತಂಗಿ ಶಾಲು ಎಳೆದುಕೊಂಡ ಆ ಕೈ, ಆ ಹೆಂಗಸಿನ ನಗು.

ಒಂದೆರಡು ಸಲ ತಂಗಿಯ ಮನೆಗೆ ಹೋದಳು. ಕಾಫಿ ಬಂತು, ಮಾತು ಬರಲಿಲ್ಲ. "ಕೂದಲು ನಾನು ಸರಿ ಮಾಡಿಕೊಡ್ತೀನಿ ಬಾರೇ" ಅಂದರೆ "ಇರ್ಲಿ ಬಿಡಕ್ಕಾ, ನಿಂಗ್ಯಾಕೆ ತೊಂದ್ರೆ" ಅಂದಳು. ತೊಂದ್ರೆಯಂತೆ! ಬೈದಿದ್ದರೂ ಲೋಟದಕ್ಕ ತಡೆದುಕೊಳ್ಳುತ್ತಿದ್ದಳು.

ಮಳೆಗಾಲ ಕಳೆದ ಮೇಲೆ ಟೈಲರೇ ಬಂದು ಸುದ್ದಿ ಹೇಳಿದ. "ನಿಮ್ಮ ತಂಗಿ ಕೂದಲು ಕುತ್ತಿಗೆವರೆಗೆ ಕತ್ತರಿಸಿಕೊಂಡುಬಿಟ್ಟಿದ್ದಾರೆ ಅಕ್ಕಾ. ಈಗಷ್ಟೇ ಹಿಂದಿನ ಬೀದಿಗೆ ಹೋಗ್ತಾ ಇದ್ರು."

ಲೋಟದಕ್ಕ ಏಪ್ರನ್ ಬಿಚ್ಚದೆ ಎದ್ದು ನಡೆದಳು. ಹಿಂದಿನ ಬೀದಿ ಅಂದರೆ ಎಷ್ಟು ದೂರ, ಒಂದು ತಿರುವು. ಅಷ್ಟು ದೂರ ನಡೆಯೋಕೆ ಅವಳಿಗೆ ಇಷ್ಟು ಕಾಲ ಹಿಡಿದಿತ್ತು. ಸಣ್ಣಿಯ ಸಲೂನಿನ ಗಾಜಿನ ಬಾಗಿಲ ಹೊರಗೆ ನಿಂತಳು. ಒಳಗೆ ಕುರ್ಚಿಯಲ್ಲಿ ತಂಗಿ, ಹಿಂದೆ ಸಣ್ಣಿ. ಇವಳಿಗೆ ಕಂಡದ್ದು ಅವರಿಬ್ಬರೂ ಅಲ್ಲ. ಕನ್ನಡಿ ಮುಂದೆ, ಬಾಚಣಿಗೆ ಡಬ್ಬದ ಪಕ್ಕ, ಒಂದು ಗಾಜಿನ ಲೋಟ. ಅದರ ತುಂಬ ನೀರು. ನೀರಿನ ಮೇಲೆ ಮೋಟು ಮೋಟು ನಾಲ್ಕಾರು ಎಳೆ. ಅದೇ ಜಾಗದಲ್ಲಿ, ಅದೇ ಥರ ಇಟ್ಟಿದ್ದಳು ಸಣ್ಣಿ, ಕಲಿಸಿದವಳ ಹಾಗೆಯೇ.

ಸಣ್ಣಿ ನೋಡಿದಳು. ಮುಖ ಕಪ್ಪಿಟ್ಟಿತು. ಆದರೂ ಬಾಗಿಲು ತೆಗೆದು, "ಬನ್ನಿ ಅಕ್ಕಾ" ಅಂದಳು.

"ನೀನೂ ಲೋಟ ಇಡ್ತೀಯಾ?" ಲೋಟದಕ್ಕನ ಬಾಯಿಂದ ಬಂದದ್ದು ಅದೊಂದೇ.

"ನೀವೇ ಹೇಳಿಕೊಟ್ಟಿದ್ದಲ್ವಾ ಅಕ್ಕಾ. ಗಿರಾಕಿ ಹೊಸಬರಾಗ್ಲಿ, ಹಳಬರಾಗ್ಲಿ, ಲೋಟ ತಪ್ಪಿಸಬೇಡ ಅಂತ. ನಿನ್ನೆಯ ಕೂದಲು ಇವತ್ತಿರಲ್ಲ ಅಂತಿದ್ರಿ." ಸಣ್ಣಿ ಬಾಚಣಿಗೆ ಕೆಳಗಿಟ್ಟಳು. "ಇವರು ಗೆರೆ ಹಾಕಿಸಿಕೊಳ್ಳೋಕೆ ಬಂದ ದಿನಾನೂ ಇಟ್ಟಿದ್ದೆ. ತೇಲ್ತು. ಬ್ಲೀಚ್ ಹಾಕಿದ ಮೇಲೆ ಮುಳುಗುತ್ತೆ, ಮುಂದೆ ಬಣ್ಣ ಯಾರ ಹತ್ರ ಹಾಕಿಸಿದ್ರೂ ಇದನ್ನ ಹೇಳ್ಬೇಕು ಅಂತಾನೂ ಹೇಳಿದ್ದೆ."

ಯಾರ ಮೇಲೂ ಕೂಗೋಕೆ ಏನೂ ಉಳಿದಿರಲಿಲ್ಲ. ಲೋಟದಕ್ಕ ಅಲ್ಲೇ ಇದ್ದ ಸ್ಟೂಲಿನ ಮೇಲೆ ಕೂತಳು.

ತಂಗಿ ಕನ್ನಡಿಯಲ್ಲೇ ಅಕ್ಕನನ್ನು ನೋಡುತ್ತಿದ್ದಳು, ಅವತ್ತು ನೋಡಿದ ಹಾಗೆಯೇ.

"ಹೇಳ್ಬೇಕು ಅಂತಾನೇ ಬಂದಿದ್ದೆ ಅಕ್ಕಾ ಅವತ್ತು. ದಾರಿಯುದ್ದಕ್ಕೂ ಬಾಯಿಪಾಠ ಮಾಡ್ಕೊಂಡು ಬಂದೆ. ನಿನ್ನ ಮುಖ ನೋಡಿದ ಮೇಲೆ ಬಾಯಿ ಬರ್ಲಿಲ್ಲ. ನೀನು ಅಷ್ಟು ಖುಷಿಯಾಗಿದ್ದೆ." ಅವಳ ದನಿ ಸಣ್ಣಗಾಯಿತು. "ಅದಕ್ಕೇ ಲೋಟ ಇಡು ಅಂದೆ. ಕೂದಲು ಮುಳುಗಿದ್ರೆ ನಿಂಗೇ ಗೊತ್ತಾಗುತ್ತೆ, ನನ್ನ ಬಾಯಿಂದ ಹೇಳೋದು ತಪ್ಪುತ್ತೆ ಅಂತ. ಬೈದ್ರೂ ಆಗಲೇ ಬೈದು, ಆಮೇಲೆ ಸರಿ ಮಾಡಿ ಕಳಿಸ್ತೀಯಾ ಅಂತ. ಎರಡು ಸಲ ಕೇಳಿದೆ."

ಹೌದು, ಎರಡು ಸಲ. ಲೋಟದಕ್ಕನಿಗೆ ಎರಡೂ ನೆನಪಿತ್ತು. ತಾನು ನಕ್ಕದ್ದೂ ನೆನಪಿತ್ತು.

"ನಂಗೆ ಗೊತ್ತು ಅಂದ್ಕೊಂಡೆ ಕಣೇ" ಅಂದಳು. "ನಿನ್ನ ಕೂದಲು ನಂಗೆ ಗೊತ್ತು ಅಂದ್ಕೊಂಡೆ."

"ಗೊತ್ತಿತ್ತು. ಚಿಕ್ಕವಳಾಗಿದ್ದಾಗಿನದು."

ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರೀತು. ಒಬ್ಬರನ್ನು ಸಾಕಿದ ಮಾತ್ರಕ್ಕೆ ಅವರು ನಾವು ಬಿಟ್ಟ ಜಾಗದಲ್ಲೇ ಕೂತಿರುತ್ತಾರಾ? ಮಳೆ, ಬಿಸಿಲು, ಆಸೆ, ಭಯ ಎಲ್ಲ ಅವರ ತಲೆ ಮೇಲೂ ಬೀಳುತ್ತೆ. ಆ ಭಯದಲ್ಲಿ ಅರ್ಧಕ್ಕಿಂತ ಹೆಚ್ಚು ತಾನೇ ಇಟ್ಟದ್ದು ಅಂತ ಲೋಟದಕ್ಕನಿಗೆ ಆ ಸ್ಟೂಲಿನ ಮೇಲೆ ಕೂತಾಗ ತಿಳಿಯಿತು. ಕ್ಷಮಿಸು ಅನ್ನಬೇಕು ಅನ್ನಿಸಿತು. ಅಂದಳು ಕೂಡ. ಜನ್ಮದಲ್ಲಿ ಯಾರಿಗೂ ಅನ್ನದ ಮಾತು ಅದು. ತಂಗಿ "ಅಯ್ಯೋ ಬಿಡಕ್ಕಾ" ಅಂದಳು. ಕಣ್ಣು ಒರೆಸಿಕೊಂಡಳು. ಆದರೆ ಕುರ್ಚಿಯಿಂದ ಏಳಲಿಲ್ಲ.

ಲೋಟದಕ್ಕ ಹೊರಡೋ ಮುಂಚೆ ಬಗ್ಗಿ ಆ ಲೋಟ ನೋಡಿದಳು. ಹಾಳಾದದ್ದೆಲ್ಲ ಕತ್ತರಿಸಿ ಹೋಗಿತ್ತು. ನೀರಿನ ಮೇಲಿದ್ದದ್ದು ಬ್ಲೀಚು ತಾಗದೆ ಬುಡದಿಂದ ಬೆಳೆದು ಬಂದ ಕೂದಲು. ಎಷ್ಟು ಹೊತ್ತಾಗಿತ್ತೋ ಏನೋ, ಒಂದೆಳೆಯೂ ಕೆಳಗಿಳಿದಿರಲಿಲ್ಲ. ಮೊಂಡು. ಮಂಡಿ ನಡುವೆ ಕೂರಿಸಿಕೊಂಡು ಬಾಚಿದ್ದ ಅದೇ ಕೂದಲು.

"ಇದಕ್ಕೆ ಬಿಸಿ ಬೇಕು ಸಣ್ಣೀ" ಅಂದಳು. "ಸ್ವಲ್ಪ ಹೆಚ್ಚು ಹೊತ್ತು ಬಿಡು."

"ಗೊತ್ತು ಅಕ್ಕಾ" ಅಂದಳು ಸಣ್ಣಿ ಮೆತ್ತಗೆ. "ಆದ್ರೂ ಕಿವಿ ಹಿಂದೆ ಒಂದು ಕುಚ್ಚಿಗೆ ಹಾಕಿ ನೋಡೇ ಬಿಡ್ತೀನಿ."

ಈಗ ಅಕ್ಕ ತಂಗಿ ಚೆನ್ನಾಗೇ ಇದ್ದಾರೆ. ತಂಗಿ ವಾರಕ್ಕೊಮ್ಮೆ ಪಾರ್ಲರಿಗೆ ಬರ್ತಾಳೆ. ಗಿರಾಕಿಗಳ ಬೆಂಚಿನ ಮೇಲೆ ಕೂತು, ಮಗಳ ಸಂಸಾರದ ಸುದ್ದಿ ಹೇಳ್ತಾಳೆ, ನಗ್ತಾಳೆ. ಕೂದಲು ಭುಜದವರೆಗೆ ಬಂದಿದೆ, ಬಣ್ಣ ಬಹಳ ಚೆನ್ನಾಗಿ ಕೂತಿದೆ. ಸಣ್ಣಿ ಹಾಕಿದ್ದು ಅಂತ ನೋಡಿದ ತಕ್ಷಣ ಗೊತ್ತಾಗುತ್ತೆ ಲೋಟದಕ್ಕನಿಗೆ, ಕಸುಬಿನವಳಲ್ಲವಾ. ತಂಗಿ ಬರೋ ದಿನ ಅವಳು ಬೆಳಿಗ್ಗೆಯೇ ಲೋಟ ತಿಕ್ಕಿ ತೊಳೆದು, ಹೊಸ ನೀರು ತುಂಬಿ ಇಡ್ತಾಳೆ. ಕುರ್ಚಿಯನ್ನೂ ಒರೆಸಿ ಇಡ್ತಾಳೆ. ಬಾ ಕೂತ್ಕೋ ಅಂತ ಮಾತ್ರ ಕರೆಯಲ್ಲ. ಕರೆದರೆ "ಇರ್ಲಿ ಬಿಡಕ್ಕಾ" ಅಂದಾಳು ಅಂತ ಅವಳಿಗೆ ಭಯ.